ನೈಟ್ರೇಟ್ ಲೆಕ್ಕ ತಪ್ಪಿದೆ, ಸಬ್‌ಮಿಷನ್ ಹತ್ರ ಬಂತು: ಯಾವುದನ್ನು ತಿದ್ದುದು, ಯಾವುದನ್ನು ಮುಟ್ಟದೆ ಬಿಡುದು?

ಪ್ರಶ್ನೆ: ಸರ್, ನಾನು ಎಂಎಸ್ಸಿ ಲಾಸ್ಟ್ ಸೆಮಿಸ್ಟರ್. ಕುಂಬಳೆ, ಬದಿಯಡ್ಕ ಕಡೆಯ 30 ಬಾವಿಗಳ ನೀರು ತಂದು ನೈಟ್ರೇಟ್ ನೋಡಿದ್ದು. ನಿನ್ನೆ ಗೊತ್ತಾಯ್ತು, ನನ್ನ ರೀಡಿಂಗ್ ಎಲ್ಲ ನೈಟ್ರೇಟ್-ನೈಟ್ರೋಜನ್ ಲೆಕ್ಕದಲ್ಲಿ ಉಂಟು. ನಾನು ಅದನ್ನೇ ನೈಟ್ರೇಟ್ ಅಂತ ತಿಳ್ಕೊಂಡು ಲೀಟರಿಗೆ 45 ಮಿಲಿಗ್ರಾಂ ಅನ್ನುವ ಮಿತಿಗೆ ಹೋಲಿಸಿ 30 ಬಾವಿಯೂ ಸೇಫ್ ಅಂತ ಬರ್ದಿದ್ದೇನೆ, ಬಾವಿಯವರಿಗೂ ಹಾಗೇ ಹೇಳಿದ್ದೇನೆ. ಫ್ರೆಂಡ್ ಹೇಳ್ತಾನೆ ಎಲ್ಲದಕ್ಕೂ 4.43 ಗುಣಿಸಿದ್ರೆ ಮುಗೀತು ಅಂತ. ಸೀನಿಯರ್ ಹೇಳ್ತಾರೆ ಸ್ಟ್ಯಾಟಿಸ್ಟಿಕ್ಸ್, ಹೆಲ್ತ್ ರಿಸ್ಕ್ ಎಲ್ಲ ಮೊದಲಿಂದ ಮಾಡ್ಬೇಕು ಅಂತ. ಸಬ್‌ಮಿಷನ್‌ಗೆ ನಾಲ್ಕು ದಿನ. ಗೈಡ್‌ಗೆ ಹೇಳ್ಲಿಕ್ಕೆ ಹೆದರಿಕೆ. ಎಂತ ಮಾಡುದು?

ಉತ್ತರ:

ನಿಮ್ಮ ಫ್ರೆಂಡ್ ಹೇಳಿದ್ದು ಅರ್ಧ ಸರಿ, ಸೀನಿಯರ್ ಹೇಳಿದ್ದೂ ಅರ್ಧ ಸರಿ, ಮತ್ತೆ ಹೆಲ್ತ್ ರಿಸ್ಕ್ ಚಾಪ್ಟರ್ ವಿಷಯದಲ್ಲಿ ಇಬ್ಬರದ್ದೂ ತಪ್ಪು ಆಗಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಆಮೇಲೆ ಬರ್ತೇನೆ. ಮೊದಲು ಒಂದು ರಾತ್ರಿಯ ಕಥೆ ಹೇಳ್ತೇನೆ, ಯಾಕಂದ್ರೆ ನಿಮ್ಮದೇ ತರದ ಲೆಕ್ಕ ನಮ್ಮ ಮನೆ ಊಟದ ಮೇಜಿನ ಮೇಲೆ ಬಿಚ್ಚಿ ಕೂತದ್ದುಂಟು. ನಿಮಗೆ ನಾಲ್ಕು ದಿನ ಉಂಟು, ಅದನ್ನು ತಂದ ಹುಡುಗಿಗೆ ಇದ್ದದ್ದು ಹದಿನಾಲ್ಕು ಗಂಟೆ.

ನಾನು ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ನೀರಿನ ಟೆಸ್ಟ್ ಮಾಡುವ ಲ್ಯಾಬಿನಲ್ಲೇ ಕೆಲಸ ಮಾಡಿದವ. ಹುಡುಗಿ ನನ್ನ ಸ್ನೇಹಿತರ ಮಗಳು, ಸಣ್ಣದಿರುವಾಗಿಂದ ನನ್ನನ್ನು ಮಾಮ ಅಂತಲೇ ಕರೆಯುದು. ಜೂನ್ ತಿಂಗಳು, ಮಳೆ ಹಿಡಿದು ನಾಲ್ಕೋ ಐದೋ ದಿನ ಆಗಿತ್ತು. ರಾತ್ರಿ ಒಂಬತ್ತು ಗಂಟೆ ಹತ್ರ ಫೋನ್ ಬಂತು. "ಮಾಮ, 19 ಅಂತ ಉಂಟು. ನಾನು 84 ಅಂತ ಬರ್ದಿದ್ದೇನೆ" ಅಂದ್ಲು, ಅಷ್ಟೇ, ಆಮೇಲೆ ಮಾತಿಲ್ಲ. ಎಂತದ್ದು 19, ಎಂತದ್ದು 84 ಅಂತ ಕೇಳಿದ್ರೆ ಅಳು. ಅರ್ಧ ಗಂಟೆಯಲ್ಲಿ ಅಣ್ಣನ ಬೈಕಿನ ಹಿಂದೆ ಕೂತು, ಲ್ಯಾಪ್‌ಟಾಪನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಹಿಡ್ಕೊಂಡು, ಅರ್ಧ ಒದ್ದೆಯಾಗಿ ಮನೆಗೇ ಬಂದ್ಲು. ಮರುದಿನ ಬೆಳಗ್ಗೆ 11 ಗಂಟೆಗೆ ಸಬ್‌ಮಿಷನ್.

ಅವಳ ಕೆಲಸ ಹೀಗೆ. ಒಟ್ಟು 36 ಬಾವಿ. ಅದರಲ್ಲಿ 24 ಕುಂಬಳೆ ಕಡೆಯ ಮನೆ ಅಂಗಳದ ಬಾವಿಗಳು, ಅದನ್ನು ಅವಳೇ ಕಾಲೇಜಿನ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ನೋಡಿದ್ದು. ಉಳಿದ 12 ಪೆರ್ಲ ಕಡೆಯ ಅಡಿಕೆ ತೋಟದ ಬಾವಿಗಳು. ಆ 12 ಸ್ಯಾಂಪಲ್ ತಂದ ದಿನ ಮೆಷಿನಿನ ಯುವಿ ಲ್ಯಾಂಪ್ ಹೋಗಿತ್ತು. ನೈಟ್ರೇಟ್ ಸ್ಯಾಂಪಲನ್ನು ತಣ್ಣಗೆ ಇಟ್ರೂ ಎರಡು ದಿನದೊಳಗೆ ನೋಡ್ಬೇಕು, ಇಲ್ಲದಿದ್ರೆ ಬ್ಯಾಕ್ಟೀರಿಯಾ ಅದನ್ನು ತಿಂದೋ ಬದಲಾಯಿಸಿಯೋ ಬಿಡ್ತದೆ, ಹಾಗಾಗಿ ಕಾಯ್ಲಿಕ್ಕೆ ಆಗುದಿಲ್ಲ ಅಂತ ದುಡ್ಡು ಕೊಟ್ಟು ಹೊರಗಿನ ಒಂದು ಲ್ಯಾಬಿನಲ್ಲಿ ಮಾಡಿಸಿದ್ಲು. ಇದು ಸರಿಯಾದ ನಿರ್ಧಾರವೇ, ಅದರಲ್ಲಿ ತಪ್ಪಿಲ್ಲ. ತಪ್ಪು ಆದದ್ದು ಆಮೇಲೆ, ಎರಡೂ ಲ್ಯಾಬಿನ ನಂಬರನ್ನು ಒಂದೇ ಕಾಲಂನಲ್ಲಿ ಹಾಕಿದಾಗ. ಕಾಲೇಜಿನ ರೀಡಿಂಗ್ ನೈಟ್ರೇಟ್-ನೈಟ್ರೋಜನ್ ಲೆಕ್ಕ, ಅದನ್ನು 4.43ರಿಂದ ಗುಣಿಸ್ಬೇಕು. ಹೊರಗಿನ ಲ್ಯಾಬಿನವರು ಆಗ್ಲೇ ನೈಟ್ರೇಟ್ ಲೆಕ್ಕದಲ್ಲಿ ಕೊಟ್ಟಿದ್ರು, ಅದನ್ನು ಗುಣಿಸ್ಲಿಕ್ಕೇ ಇಲ್ಲ. ಇವಳು ಫಾರ್ಮುಲಾ ಮೇಲಿಂದ ಕೆಳಗೆ ಎಳೆದ್ಲು, 36ಕ್ಕೂ ಗುಣಿಸಿ ಹೋಯ್ತು.

ಸಿಕ್ಕಿದ್ದು ಹೇಗೆ ಅಂದ್ರೆ, ಕೊನೆಗೆ ಅನುಬಂಧಕ್ಕೆ ಅಂತ ಆ ಲ್ಯಾಬಿನ ರಿಪೋರ್ಟನ್ನು ಸ್ಕ್ಯಾನ್ ಮಾಡಿ ಅಂಟಿಸುವಾಗ ಅವಳ ಅಜ್ಜನ ಮನೆ ಬಾವಿಯ ಸಾಲು ಕಣ್ಣಿಗೆ ಬಿತ್ತು. ರಿಪೋರ್ಟಿನಲ್ಲಿ ಲೀಟರಿಗೆ 19 ಮಿಲಿಗ್ರಾಂ, ಟೇಬಲಿನಲ್ಲಿ 84. ಅಜ್ಜನ ಬಾವಿ ಆಗಿರದಿದ್ರೆ ಅವಳು ಆ ಸಾಲು ನೋಡ್ತಲೇ ಇರ್ಲಿಲ್ಲವೋ ಏನೋ.

ಈ ಎರಡು ಲೆಕ್ಕ ಯಾಕೆ ಉಂಟು ಅಂತ ಸ್ವಲ್ಪ ಹೇಳ್ಬೇಕು, ಇಲ್ಲದಿದ್ರೆ 4.43 ಬರೀ ಮಂತ್ರದ ಹಾಗೆ ಆಗ್ತದೆ. ನೈಟ್ರೇಟ್ ಅಂದ್ರೆ ಒಂದು ನೈಟ್ರೋಜನ್, ಮೂರು ಆಕ್ಸಿಜನ್, ಒಟ್ಟು ತೂಕ 62. ಅದರೊಳಗೆ ನೈಟ್ರೋಜನ್ ತೂಕ 14. ತೋಟಕ್ಕೆ ಹಾಕಿದ ಗೊಬ್ಬರ, ಹಟ್ಟಿಯ ಗಂಜಲ, ಕಕ್ಕಸು ಗುಂಡಿ ಎಲ್ಲದರ ನೈಟ್ರೋಜನ್ ಮಣ್ಣಿನೊಳಗೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಂತ ವೇಷ ಬದಲಾಯಿಸ್ತಾ ಹೋಗ್ತದೆ, ಹಾಗಾಗಿ ಅದರ ಜಾಡು ಹಿಡಿಯುವವರಿಗೆ ಎಲ್ಲವನ್ನೂ ನೈಟ್ರೋಜನ್ ಲೆಕ್ಕದಲ್ಲೇ ಇಟ್ರೆ ಕೂಡಿಸ್ಲಿಕ್ಕೆ ಸುಲಭ. ಕುಡಿಯುವ ನೀರಿನ ನಮ್ಮ ಐಎಸ್ 10500 ಮಾನದಂಡದಲ್ಲಿ ಇಡೀ ನೈಟ್ರೇಟಿನ ತೂಕ ಹಿಡಿದು 45 ಅಂತ ಉಂಟು. ಅಮೆರಿಕದವರು 10 ಅಂತಾರೆ, ಅದು ನೈಟ್ರೋಜನ್ ಲೆಕ್ಕ. ಎರಡೂ ಹೆಚ್ಚುಕಮ್ಮಿ ಒಂದೇ ಮಿತಿ, ಅಂಗಿ ಬೇರೆ ಅಷ್ಟೇ. 62ನ್ನು 14ರಿಂದ ಭಾಗಿಸಿದ್ರೆ 4.43, ಇನ್ನೂ ಸರಿಯಾಗಿ 4.427.

ಅವಳು ಬಂದ ಕೂಡ್ಲೇ ಶೀಟ್ ತೆಗೆದು ತಿದ್ಲಿಕ್ಕೆ ಹೊರಟ್ಲು. ನಾನು ಮೊದಲು ಲ್ಯಾಪ್‌ಟಾಪ್ ಮುಚ್ಚಿಸಿದೆ. ಹೆಂಡತಿ ಗಂಜಿ, ಉಪ್ಪಿನಕಾಯಿ ಬಡಿಸಿದ್ಲು, ಉಂಡ್ಲು. ಗಾಬರಿಯಲ್ಲಿ ಇರುವವರು ಒಂದು ತಪ್ಪನ್ನು ತಿದ್ಲಿಕ್ಕೆ ಹೋಗಿ ಎರಡನೇದನ್ನು ಮಾಡುದನ್ನು ನಾನು ಲ್ಯಾಬಿನಲ್ಲಿ ಎಷ್ಟು ಸಲ ನೋಡಿದ್ದೇನೆ. 84ನ್ನು 4.43ರಿಂದ ಭಾಗಿಸಿ ಅದರ ಮೇಲೇ ಬರ್ದು, ಮತ್ತೆ ಅರ್ಧ ಗಂಟೆ ಬಿಟ್ಟು ಇದು ಭಾಗಿಸಿದ್ದಾ ಅಲ್ವಾ ಅಂತ ಮರೆತು ಇನ್ನೊಮ್ಮೆ ಭಾಗಿಸುದು. ಹಾಗಾಗಿ ಮೊದಲ ಕೆಲಸ, ಹಳೇ ಫೈಲನ್ನು ಮುಟ್ಟದೆ ಕಾಪಿ ಮಾಡಿ ಹೊಸ ಹೆಸರು ಕೊಡುದು. ಎರಡನೇದು, ಹೊಸ ಫೈಲಿನಲ್ಲಿ ಅಳೆದ ನಂಬರನ್ನು ಹಾಗೇ ಒಂದು ಕಾಲಂನಲ್ಲಿ ಇಟ್ಟು, ಪಕ್ಕದಲ್ಲಿ ಅದು ಯಾವ ಲೆಕ್ಕ ಅಂತ ಇನ್ನೊಂದು ಕಾಲಂ ಹಾಕುದು. ಸಿ ಕಾಲಂನಲ್ಲಿ ಅಳತೆ, ಡಿ ಕಾಲಂನಲ್ಲಿ ಲೆಕ್ಕದ ಹೆಸರು, ಆಮೇಲೆ ಇಷ್ಟೇ:

```
=IF(D2="N", C2*4.427, IF(D2="NO3", C2, "?"))
```

ಆ ಕೊನೆಯ ಪ್ರಶ್ನೆ ಚಿಹ್ನೆ ಮುಖ್ಯ. ಡಿ ಕಾಲಂ ಖಾಲಿ ಬಿಟ್ಟ ಸಾಲು ಇದ್ರೆ ಸುಮ್ಮನೆ ಒಂದು ನಂಬರ್ ಬಂದು ಕೂರುದಿಲ್ಲ, ಪ್ರಶ್ನೆಯಾಗಿ ಎದುರು ನಿಲ್ತದೆ.

ಆದ್ರೆ ಡಿ ಕಾಲಂನಲ್ಲಿ ಎಂತ ಬರೆಯುದು ಅನ್ನುದನ್ನು ನೆನಪಿನ ಮೇಲೆ ಬಿಡ್ಲಿಕ್ಕೆ ಆಗುದಿಲ್ಲ. ನೆನಪಿನ ಮೇಲೆ ಬಿಟ್ಟದ್ದಕ್ಕೇ ಈ ರಾತ್ರಿ ಬಂದದ್ದು. ಹೊರಗಿನ ಲ್ಯಾಬಿನ ರಿಪೋರ್ಟಿನಲ್ಲಿ ನೈಟ್ರೇಟ್ ಲೆಕ್ಕ ಅಂತ ಸ್ಪಷ್ಟ ಅಚ್ಚಾಗಿತ್ತು. ಅವಳದ್ದೇ 24ರ ಲೆಕ್ಕ ಯಾವುದು? ಅದಕ್ಕೆ ಸಾಕ್ಷಿ ಸ್ಟ್ಯಾಂಡರ್ಡ್ ದ್ರಾವಣ ಮಾಡಿದ ದಿನದ ನೋಟ್‌ಬುಕ್ಕಿನಲ್ಲಿ ಇರ್ತದೆ. ಒಂದು ಲೀಟರಿಗೆ 0.7218 ಗ್ರಾಂ ಪೊಟ್ಯಾಷಿಯಂ ನೈಟ್ರೇಟ್ ಹಾಕಿದ್ರೆ ಅದು ಲೀಟರಿಗೆ 100 ಮಿಲಿಗ್ರಾಂ ನೈಟ್ರೋಜನ್ ಲೆಕ್ಕದ ಸ್ಟ್ಯಾಂಡರ್ಡ್. 0.1631 ಗ್ರಾಂ ಹಾಕಿದ್ರೆ ಅದು 100 ಮಿಲಿಗ್ರಾಂ ನೈಟ್ರೇಟ್ ಲೆಕ್ಕದ್ದು. ಬಾಟಲಿ ಮೇಲೆ ಎರಡಕ್ಕೂ 100 ಅಂತಲೇ ಬರ್ದಿರ್ತದೆ, ಮೆಷಿನಿಗೆ ಅದು ಗೊತ್ತಿಲ್ಲ, ನೀವು ಕೊಟ್ಟ ನಂಬರನ್ನೇ ತಿರುಗಿಸಿ ಕೊಡ್ತದೆ. ಅವಳ ನೋಟ್‌ಬುಕ್ಕಿನಲ್ಲಿ 0.7220 ಅಂತ ಇತ್ತು, ಬ್ಯಾಲೆನ್ಸಿನಲ್ಲಿ ತೂಗಿದ್ದು. ಸರಿ, 24 ಸಾಲಿಗೆ ಗುಣಿಸ್ಬೇಕಾದ್ದೇ.

ಅಷ್ಟು ಸಾಕಾ ಅಂದ್ರೆ ನನಗೆ ಸಾಕಾಗುದಿಲ್ಲ. ಕಾಗದದಲ್ಲಿ ಅಚ್ಚಾದದ್ದೂ ತಪ್ಪಿರ್ಬಹುದು, ನೀರನ್ನೇ ಕೇಳ್ಬೇಕು. ಬಾವಿ ನೀರಿನಲ್ಲಿ ಧನ ಅಯಾನಿನ ಒಟ್ಟು ಚಾರ್ಜ್ ಎಷ್ಟೋ ಋಣ ಅಯಾನಿನದ್ದೂ ಅಷ್ಟೇ ಇರ್ಬೇಕು, ಜಮಾ ಖರ್ಚಿನ ಹಾಗೆ. ಅಜ್ಜನ ಬಾವಿಯದ್ದನ್ನೇ ತಗೊಂಡೆವು. ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ, ಪೊಟ್ಯಾಷಿಯಂ ಎಲ್ಲ ಕೂಡಿಸಿದ್ರೆ ಲೀಟರಿಗೆ 1.10 ಮಿಲಿಈಕ್ವಿವಲೆಂಟ್ ಬಂತು. ಎದುರು ಕಡೆ ಬೈಕಾರ್ಬೊನೇಟ್, ಕ್ಲೋರೈಡ್, ಸಲ್ಫೇಟ್ ಮೂರೂ ಸೇರಿ 0.80. ಇನ್ನು ಬಾಕಿ 0.30, ಅದನ್ನು ನೈಟ್ರೇಟೇ ತುಂಬಿಸ್ಬೇಕು. 19ನ್ನು 62ರಿಂದ ಭಾಗಿಸಿದ್ರೆ 0.31, ಸರಿಯಾಗಿ ಕೂತಿತು. 84 ಅಂತ ಹಿಡಿದ್ರೆ 1.35, ಆಗ ಋಣದ ಕಡೆ ಒಟ್ಟು 2.15, ಧನದ ಕಡೆಯ ಹತ್ರ ಹತ್ರ ಎರಡರಷ್ಟು. ಅಂಥ ನೀರು ಭೂಮಿ ಮೇಲೆ ಇರ್ಲಿಕ್ಕೆ ಸಾಧ್ಯವೇ ಇಲ್ಲ. ಇದನ್ನು ಆರು ತಿಂಗಳ ಹಿಂದೆ ಒಮ್ಮೆ ಮಾಡಿದ್ರೆ ಅವತ್ತೇ ಸಿಕ್ತಿತ್ತು. ನಮ್ಮ ಮುರಕಲ್ಲಿನ ಬಾವಿ ನೀರಿನಲ್ಲಿ ಲವಣ ಬಹಳ ಕಮ್ಮಿ, ಹಾಗಾಗಿ ನೈಟ್ರೇಟ್ ತಪ್ಪಾದ್ರೆ ಜಮಾ ಖರ್ಚು ಎದ್ದು ಕಾಣ್ತದೆ. ಗಡಸು ನೀರಿನ ಊರಲ್ಲಾದ್ರೆ ಇದೇ ತಪ್ಪು ಬೈಕಾರ್ಬೊನೇಟಿನ ರಾಶಿಯೊಳಗೆ ಅಡಗಿ ಕೂರ್ತದೆ.

ಎಲ್ಲ ಅಯಾನು ನೋಡಿಲ್ಲ ಅಂದ್ರೂ ಒಂದು ಅಡ್ಡದಾರಿ ಉಂಟು. ಒಂದು ಕಡೆಯ ಮಿಲಿಈಕ್ವಿವಲೆಂಟ್ ಮೊತ್ತವನ್ನು ನೂರರಿಂದ ಗುಣಿಸಿದ್ರೆ ವಿದ್ಯುತ್ ವಾಹಕತೆಯ ಹತ್ರ ಹತ್ರ ಬರ್ಬೇಕು. ಅಜ್ಜನ ಬಾವಿಯಲ್ಲಿ ಮೀಟರ್ ತೋರಿಸಿದ್ದು 118 ಮೈಕ್ರೋಸೀಮೆನ್ಸ್. 1.10ಕ್ಕೆ ಸರಿ ಹೋಗ್ತದೆ, 2.15ಕ್ಕೆ ಎಲ್ಲಿಂದಲೂ ಹೋಗುದಿಲ್ಲ.

ಹತ್ತೂಮುಕ್ಕಾಲಕ್ಕೆ ಹೊಸ ಕಾಲಂ ತಯಾರಾಯ್ತು. ಆಗ ಬಂತು ನಿಜವಾದ ಪೆಟ್ಟು. ಅವಳ ಪ್ರಾಜೆಕ್ಟಿನ ದೊಡ್ಡ ಫಲಿತಾಂಶ ಎಂತ ಇತ್ತು ಗೊತ್ತುಂಟಾ? ಅಡಿಕೆ ತೋಟದ ಬಾವಿಗಳಲ್ಲಿ ನೈಟ್ರೇಟ್ ಮನೆ ಬಾವಿಗಳಿಗಿಂತ ನಾಲ್ಕು ಪಟ್ಟಿಗಿಂತ ಜಾಸ್ತಿ, ಗೊಬ್ಬರವೇ ಕಾರಣ. ತೋಟದ ಬಾವಿಗಳ ಮಧ್ಯಮ ಬೆಲೆ 52, ಮನೆಯದ್ದು 11. ಗೈಡ್ ಖುಷಿಪಟ್ಟಿದ್ರು, ಪೇಪರ್ ಬರೆಯುವ ಅಂತ ಹೇಳಿದ್ರು. ಸರಿ ಮಾಡಿ ನೋಡಿದ್ರೆ ತೋಟದ್ದು 12ರ ಹತ್ರ, ಮನೆಯದ್ದು 11. ವ್ಯತ್ಯಾಸವೇ ಇಲ್ಲ. 45 ದಾಟಿದ ಬಾವಿ 9 ಇದ್ದದ್ದು 2ಕ್ಕೆ ಇಳಿಯಿತು, ಆ ಎರಡೂ ಮನೆ ಅಂಗಳದ ಬಾವಿ.

ಇಲ್ಲಿ ಸ್ವಲ್ಪ ನಿಲ್ಲಿ, ಯಾಕಂದ್ರೆ ನಿಮಗೂ ಅವಳಿಗೂ ಇರುವ ವ್ಯತ್ಯಾಸ ಇದೇ. ಅವಳ ತಪ್ಪು ಎಲ್ಲ ಸಾಲಿನಲ್ಲಿ ಇರ್ಲಿಲ್ಲ, 12ರಲ್ಲಿ ಮಾತ್ರ ಇತ್ತು, ಮತ್ತೆ ಆ 12 ಒಂದೇ ಗುಂಪು. ತಪ್ಪು ಗುಣಕ ಒಂದು ಗುಂಪಿನ ಮೇಲೆ ಮಾತ್ರ ಬಿದ್ರೆ ಅದು ತಪ್ಪಿನ ಹಾಗೆ ಕಾಣುದಿಲ್ಲ, ಹೊಸ ಸಂಶೋಧನೆಯ ಹಾಗೆ ಕಾಣ್ತದೆ. ಪಿ ವ್ಯಾಲ್ಯೂ ಚಂದ ಬರ್ತದೆ, ಕಾರಣವೂ ಕೈಗೆ ಸಿಗ್ತದೆ, ತೋಟಕ್ಕೆ ಗೊಬ್ಬರ ಹಾಕುದು ಎಲ್ಲರಿಗೂ ಗೊತ್ತಲ್ಲ. ಎರಡು ಗುಂಪಿನ ಅನುಪಾತ ನಾಲ್ಕು ನಾಲ್ಕೂವರೆ ಹತ್ರ ಬಂದ್ರೆ ನೈಟ್ರೇಟ್ ಕೆಲಸ ಮಾಡುವವರು ಖುಷಿಪಡುವ ಮೊದಲು ಲೆಕ್ಕದ ಹೆಸರು ನೋಡ್ಬೇಕು. ಈ ಹುಡುಗಿಯದ್ದನ್ನು ನೋಡಿದ ಮೇಲೆ ನನಗೆ ಆ ಅಭ್ಯಾಸ ಕಾಯಂ ಆಯ್ತು.

"ಇನ್ನು ಎಂತ ಉಳಿಯಿತು ಮಾಮ?" ಅಂತ ಕೇಳಿದ್ಲು. ಉಳಿದದ್ದುಂಟು ಅಂತ ಹೇಳಿದೆ, ಮೊದಲು ಓಡಿಸಿ ನೋಡುವ. ಹನ್ನೊಂದೂವರೆಗೆ ಕರೆಂಟ್ ಹೋಯ್ತು, ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ನಡೆಯಿತು. ಸರಾಸರಿ ಬದಲಾಯ್ತು, ಗ್ರಾಫ್ ಬದಲಾಯ್ತು. ಎರಡು ಗುಂಪನ್ನು ಹೋಲಿಸುವ ಟಿ ಟೆಸ್ಟ್ ಮಾತ್ರ ಹಳೇ ಉತ್ತರವನ್ನೇ ಕೊಡ್ತಾ ಕೂತಿತು, ಮೂರನೇ ದಶಮಾಂಶದವರೆಗೂ ಅದೇ. ಅವಳು "ಹಾಗಾದ್ರೆ ವ್ಯತ್ಯಾಸ ನಿಜವೇ ಇರ್ಬಹುದಾ?" ಅಂತ ಆಸೆಯಿಂದ ನನ್ನ ಮುಖ ನೋಡಿದ್ಲು. ನನಗೂ ಹೌದು ಅಂತ ಹೇಳುವ ಮನಸ್ಸಾಯ್ತು, ಸುಳ್ಳಲ್ಲ. ಆದ್ರೆ ಕೆಳಗಿನ ನಂಬರ್ ಬದಲಾದ ಮೇಲೆ ಮೇಲಿನ ಉತ್ತರ ಒಂದು ಕೂದಲೂ ಅಲುಗಾಡದಿದ್ರೆ ಅದು ಹೊಸ ನಂಬರನ್ನು ಓದ್ತಾ ಇಲ್ಲ ಅಂತ ಅರ್ಥ. ಹುಡುಕಿದ್ರೆ ಅವಳು ಟೆಸ್ಟಿಗೆ ಅಂತ ಲಾಗ್ ತೆಗೆದ ಕಾಲಂನಲ್ಲಿ ಫಾರ್ಮುಲಾ ಇರ್ಲಿಲ್ಲ, ಹಿಂದೆ ಯಾವಾಗಲೋ ಬರೀ ನಂಬರಾಗಿ ಪೇಸ್ಟ್ ಮಾಡಿದ್ದು. ಅದನ್ನು ಪುನಃ ಮಾಡಿದ ಮೇಲೆ ಪಿ ವ್ಯಾಲ್ಯೂ 0.001ಕ್ಕಿಂತ ಕೆಳಗೆ ಇದ್ದದ್ದು 0.7ಕ್ಕೆ ಹೋಗಿ ಕೂತಿತು. ಅವಳು ಹತ್ತು ನಿಮಿಷ ಹೊರಗೆ ಜಗಲಿಯಲ್ಲಿ ಹೋಗಿ ಕೂತ್ಲು, ನಾನು ಕರೀಲಿಲ್ಲ.

ವಾಪಸ್ ಬಂದು ಉಳಿದದ್ದನ್ನು ಓಡಿಸಿದ್ಲು. ಹಟ್ಟಿಗೂ ಬಾವಿಗೂ ಇರುವ ದೂರವನ್ನು ಅವಳು ಪ್ರತಿ ಬಾವಿಗೂ ಟೇಪ್ ಹಿಡಿದು ಅಳೆದಿದ್ಲು. ಮೊದಲು ಅದಕ್ಕೂ ನೈಟ್ರೇಟಿಗೂ ಸಂಬಂಧ ಇಲ್ಲ ಅಂತ ಎರಡು ಸಾಲಿನಲ್ಲಿ ಬರ್ದು ಬಿಟ್ಟಿದ್ದು, ಸಹಸಂಬಂಧ -0.21. ಈಗ ಅದು -0.58 ಆಯ್ತು. ಹಟ್ಟಿ ಹತ್ರ ಇದ್ದಷ್ಟೂ ನೈಟ್ರೇಟ್ ಜಾಸ್ತಿ, ತೋಟ ಇರ್ಲಿ ಅಂಗಳ ಇರ್ಲಿ. ತಪ್ಪಿನ ಗದ್ದಲದಲ್ಲಿ ಮುಚ್ಚಿ ಹೋಗಿದ್ದ ನಿಜವಾದ ವಿಷಯ ಅದು. ದೊಡ್ಡ ಶೋಧ ಅಲ್ಲ, ಆದ್ರೆ ಅವಳದ್ದು.

ಮತ್ತೆ ಬರವಣಿಗೆ. ಇದಕ್ಕೇ ಜಾಸ್ತಿ ಸಮಯ ಹೋದದ್ದು, ಎಲ್ಲರೂ ಕಮ್ಮಿ ಅಂದಾಜು ಮಾಡುದೂ ಇದನ್ನೇ. ವರ್ಡ್ ಫೈಲಿನ ಟೇಬಲ್, ಗ್ರಾಫ್ ಎಲ್ಲ ಚಿತ್ರವಾಗಿ ಅಂಟಿಸಿದ್ದು, ತನ್ನಿಂದ ತಾನೇ ಬದಲಾಗುದಿಲ್ಲ. ಅದಕ್ಕಿಂತ ಕಷ್ಟ ವಾಕ್ಯದೊಳಗೆ ಕೂತ ನಂಬರ್, "ಕಾಲು ಭಾಗ ಬಾವಿಗಳು ಮಿತಿ ದಾಟಿವೆ" ಅನ್ನುವಂಥದ್ದು, ಅಂಕಿಯೇ ಇಲ್ಲದ ಅಂಕಿ. ಅದನ್ನು ಸರ್ಚ್ ಮಾಡಿದ್ರೆ ಸಿಗುದಿಲ್ಲ. ನಾನು ಗಟ್ಟಿಯಾಗಿ ಓದಿದೆ, ಅವಳು ನೈಟ್ರೇಟ್ ಬಂದಲ್ಲೆಲ್ಲ ನಿಲ್ಲಿಸಿ ಹೊಸ ಶೀಟ್ ನೋಡಿ ಹೇಳಿದ್ಲು. ಬೆಳಗ್ಗಿನ ಜಾವ ನಾಲ್ಕಕ್ಕೆ ಮುಗೀತು, ಬದಲಾದದ್ದು ಸಾರಾಂಶ ಸೇರಿ ಹದಿಮೂರು ಪುಟ.

ಆರು ಗಂಟೆಗೆ ಅವಳು ಮೊದಲು ಫೋನ್ ಮಾಡಿದ್ದು ಗೈಡ್‌ಗೆ ಅಲ್ಲ, ಪೆರ್ಲಕ್ಕೆ, ಅಜ್ಜನಿಗೆ. ಎರಡು ತಿಂಗಳ ಹಿಂದೆ "ಅಜ್ಜ, ನಿಮ್ಮ ಬಾವಿಯಲ್ಲಿ 84 ಉಂಟು, ಕುಡೀಬೇಡಿ" ಅಂತ ಹೇಳಿ ಬಂದಿದ್ಲಂತೆ. ಆ ಮುದುಕರು ಅವತ್ತಿಂದ ನೆರೆಯವರ ಬಾವಿಯಿಂದ ದಿನಾ ಎರಡು ಕೊಡಪಾನ ನೀರು ಹೊತ್ತು ತರ್ತಾ ಇದ್ರು. "ತಪ್ಪಾಯ್ತಜ್ಜ, ನಿಮ್ಮ ನೀರು ಒಳ್ಳೇದುಂಟು" ಅಂತ ಹೇಳುವಾಗ ಅವಳ ಸ್ವರ ನಡುಗಿದ್ದು ನನಗೆ ಈಗಲೂ ಕಿವಿಯಲ್ಲಿ ಉಂಟು. ಆಮೇಲೆ ಗೈಡ್‌ಗೆ ಮಾಡಿದ್ಲು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ, ನೋಟ್‌ಬುಕ್ಕೂ ಲ್ಯಾಬ್ ರಿಪೋರ್ಟೂ ಕೈಯಲ್ಲಿ ಉಂಟಾ ಅಂತ. ಉಂಟು ಅಂದ ಮೇಲೆ 11ಕ್ಕೇ ಕೊಡು, ವಿಧಾನದ ಚಾಪ್ಟರಿನಲ್ಲಿ ಎರಡು ಲ್ಯಾಬಿನ ಲೆಕ್ಕ ಬೇರೆ ಬೇರೆ ಇತ್ತು ಅಂತ ಬರೀ ಅಂದ್ರು. ಡಿಟಿಪಿ ಅಂಗಡಿಯವರು ಒಂಬತ್ತಕ್ಕೆ ತೆರೆಯುವವರು ಎಂಟಕ್ಕೇ ತೆರೆದು ಆ ಹದಿಮೂರು ಪುಟ ಬದಲಾಯಿಸಿ ಬೈಂಡ್ ಮಾಡಿ ಕೊಟ್ರು.

ಈಗ ನಿಮ್ಮದಕ್ಕೆ ಬರುವ.

ನಿಮ್ಮ 30ಕ್ಕೂ ಒಂದೇ ಲೆಕ್ಕ ಅಂತ ನೀವು ಹೇಳ್ತೀರಿ. ಅದು ಖಂಡಿತ ನಿಜವಾ ಅಂತ ಮೊದಲು ನೋಟ್‌ಬುಕ್ಕಿನಲ್ಲಿ ಆ 0.7218ನ್ನು ಹುಡುಕಿ, ಮಧ್ಯದಲ್ಲಿ ಬೇರೆ ಸ್ಟ್ಯಾಂಡರ್ಡ್ ಮಾಡಿದ ದಿನ ಇದ್ರೆ ಅದನ್ನೂ ನೋಡಿ. ನಿಜ ಅಂತಾದ್ರೆ ನಿಮ್ಮ ಸ್ಥಿತಿ ಆ ಹುಡುಗಿಗಿಂತ ಎಷ್ಟೋ ಹಗುರ. ಇಡೀ ಕಾಲಂ ಒಂದೇ ಗುಣಕದಿಂದ ಹಿಗ್ಗಿದ್ರೆ ಬಾವಿಗಳ ಹೆಚ್ಚು ಕಮ್ಮಿಯ ಕ್ರಮ ಹಾಗೇ ಉಳೀತದೆ, ಸಹಸಂಬಂಧ ಹಾಗೇ, ಟಿ ಟೆಸ್ಟಿನ ಪಿ ವ್ಯಾಲ್ಯೂ ಹಾಗೇ, ರಿಗ್ರೆಷನ್ನಿನ ಆರ್ ಸ್ಕ್ವೇರ್ ಹಾಗೇ. ಹಾಗಾಗಿ ಸೀನಿಯರ್ ಹೇಳಿದ ಹಾಗೆ ಸ್ಟ್ಯಾಟಿಸ್ಟಿಕ್ಸ್ ಎಲ್ಲ ಹೋಯ್ತು ಅನ್ನುದು ಇಲ್ಲ. ಇದರ ಇನ್ನೊಂದು ಮುಖವೂ ಉಂಟು, ಆರ್ ಸ್ಕ್ವೇರ್ ಚಂದ ಬಂತು ಅಂತ ಲೆಕ್ಕ ಸರಿ ಇದೆ ಅಂತ ನಂಬ್ಲಿಕ್ಕೆ ಆಗುದಿಲ್ಲ, ಅದಕ್ಕೆ ಈ ತಪ್ಪು ಕಾಣುದೇ ಇಲ್ಲ. ಬದಲಾಗುದು ಸರಾಸರಿ, ಹರವು, ರಿಗ್ರೆಷನ್ನಿನ ಇಳಿಜಾರು, ನೈಟ್ರೇಟನ್ನು ಬೇರೆ ಅಯಾನಿನ ಜೊತೆ ಕೂಡಿಸಿದ ಎಲ್ಲ ಲೆಕ್ಕ, ನೀರಿನ ಗುಣಮಟ್ಟ ಸೂಚ್ಯಂಕ ಮಾಡಿದ್ರೆ ಅದು, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಮಿತಿ ದಾಟಿದ ಬಾವಿಗಳ ಎಣಿಕೆ. ಈ ಕೊನೆಯದ್ದನ್ನು ಈಗಲೇ, ಏನೂ ತಿದ್ದದೆ ನೋಡ್ಬಹುದು. 45ನ್ನು 4.427ರಿಂದ ಭಾಗಿಸಿದ್ರೆ 10.16. ನಿಮ್ಮ ಹಳೇ ಕಾಲಂನಲ್ಲಿ 10.16ಕ್ಕಿಂತ ಮೇಲಿರುವ ಬಾವಿ ಎಷ್ಟು ಅಂತ ಫಿಲ್ಟರ್ ಹಾಕಿ, ಒಂದು ನಿಮಿಷದ ಕೆಲಸ.

ಇನ್ನು ಹೆಲ್ತ್ ರಿಸ್ಕ್. ಇಲ್ಲಿ ಕೈ ತಡೀರಿ. ಅದರಲ್ಲಿ ನೀವು ದಿನಕ್ಕೆ ಒಳಗೆ ಹೋಗುವ ಪ್ರಮಾಣವನ್ನು 1.6ರಿಂದ ಭಾಗಿಸಿರ್ತೀರಿ, ಹೆಚ್ಚಿನವರು ಹಾಗೇ ಮಾಡುದು. ಆ 1.6 ಅಂದ್ರೆ ದಿನಕ್ಕೆ ಮೈತೂಕದ ಕಿಲೋಗೆ ಇಷ್ಟು ಮಿಲಿಗ್ರಾಂ ಹೋದ್ರೆ ತೊಂದರೆ ಇಲ್ಲ ಅಂತ ಅಮೆರಿಕದ ಪರಿಸರ ಸಂಸ್ಥೆ ಇಟ್ಟದ್ದು, ಅದು ನೈಟ್ರೋಜನ್ ಲೆಕ್ಕದಲ್ಲಿ ಉಂಟು. ನಿಮ್ಮ ನಂಬರೂ ನೈಟ್ರೋಜನ್ ಲೆಕ್ಕ. ಅಂದ್ರೆ ತಿಳಿಯದೆ ಮಾಡಿದ್ರೂ ಆ ಚಾಪ್ಟರಿನ ಉತ್ತರ ಸರಿಯೇ ಇರ್ಬಹುದು, ಫ್ರೆಂಡ್ ಹೇಳಿದ ಹಾಗೆ ಅಲ್ಲೂ 4.43 ಗುಣಿಸಿದ್ರೆ ಆಗ ಹಾಳಾಗುದು. ಒಂದು ಬಾವಿ ತಗೊಳ್ಳಿ, ನೈಟ್ರೋಜನ್ ಲೆಕ್ಕದಲ್ಲಿ 14. 60 ಕಿಲೋದ ಮನುಷ್ಯ ದಿನಕ್ಕೆ 2 ಲೀಟರ್ ಕುಡಿದ್ರೆ ಕಿಲೋಗೆ 0.47 ಮಿಲಿಗ್ರಾಂ, ಅದನ್ನು 1.6ರಿಂದ ಭಾಗಿಸಿದ್ರೆ 0.29. ಒಂದಕ್ಕಿಂತ ಕೆಳಗೆ. ಅದೇ ನೀರನ್ನು ನೈಟ್ರೇಟ್ ಲೆಕ್ಕಕ್ಕೆ 62 ಮಾಡಿ, 1.6ನ್ನು ಹಾಗೇ ಬಿಟ್ರೆ 1.29 ಬರ್ತದೆ, ಇಲ್ಲದ ಅಪಾಯ ಹುಟ್ತದೆ. ನೈಟ್ರೇಟ್ ಲೆಕ್ಕವೇ ಬೇಕಂದ್ರೆ ಕೆಳಗಿನದ್ದನ್ನೂ 4.43ರಿಂದ ಗುಣಿಸಿ ಸುಮಾರು 7.1 ಹಾಕ್ಬೇಕು, ಆಗ ಪುನಃ 0.29. ಆದ್ರೆ ನಿಮ್ಮ ಶೀಟಿನಲ್ಲಿ 1.6 ಅಲ್ಲದೆ 7 ಹತ್ರದ ನಂಬರ್ ಉಂಟಾದ್ರೆ ಆಗ ತಿದ್ಲೇಬೇಕು. ನೋಡ್ಬೇಕಾದ್ದು ಅದೊಂದೇ ಜಾಗ. ಇನ್ನೂ ಒಂದು ಮಾತು, ಈ 0.29 ದೊಡ್ಡವರಿಗೆ. ಅದೇ ಬಾವಿ 45ರ ಮಿತಿಯನ್ನು ದಾಟಿದೆ, ಯಾಕಂದ್ರೆ ಆ ಮಿತಿ ಹಾಲು ಕುಡಿಯುವ ಕೂಸುಗಳನ್ನು ನೋಡಿ ಇಟ್ಟದ್ದು. ಎರಡು ಚಾಪ್ಟರ್ ಒಂದಕ್ಕೊಂದು ಜಗಳ ಆಡ್ತಾ ಇದೆ ಅಂತ ನಿಮಗೆ ಕಂಡ್ರೆ ಕಾರಣ ಇದು, ಅದನ್ನು ಒಂದು ಸಾಲು ಬರ್ದು ಬಿಡಿ.

ಗೈಡ್‌ಗೆ ಹೇಳುವ ವಿಷಯ. ಹೇಳದೆ ತಿದ್ದಿ ಕೊಟ್ರೆ ಅವರು ಹಿಂದೆ ಓದಿದ ಡ್ರಾಫ್ಟಿನಲ್ಲಿ ಎಲ್ಲ ಸೇಫ್, ವೈವಾದಲ್ಲಿ ಕೈಗೆ ಬಂದದ್ದರಲ್ಲಿ ಇಷ್ಟು ಬಾವಿ ಮಿತಿ ಮೇಲೆ, ಎದುರಿಗೆ ಎಕ್ಸಾಮಿನರ್ ಕೂತಿರುವಾಗ ಅವರಿಗೇ ಗೊತ್ತಾಗುದು. ನಂಬರ್ ಬೇಕಾದ ಹಾಗೆ ಬದಲಾಯಿಸಿದ್ದು ಅಂತ ಸಂಶಯ ಬಂದ್ರೆ ಅದನ್ನು ತೊಳೆಯುದು ಕಷ್ಟ. ತಿದ್ದದೇ ಕೊಟ್ಟು ವೈವಾದಲ್ಲಿ ನೋಡುವ ಅಂತ ಬಿಟ್ರೆ, ನೀರಿನ ವಿಷಯ ಗೊತ್ತಿದ್ದ ಎಕ್ಸಾಮಿನರ್ ಸ್ಟ್ಯಾಂಡರ್ಡ್ ಹೇಗೆ ಮಾಡಿದ್ದು ಅಂತ ಕೇಳಿಯೇ ಕೇಳ್ತಾರೆ, ನಾನಾದ್ರೆ ಮೊದಲ ಪ್ರಶ್ನೆಯೇ ಅದು. ಹಾಗಾಗಿ ನಾಳೆಯೇ ಹೋಗಿ, ಕೈಯಲ್ಲಿ ಮೂರು ಹಿಡ್ಕೊಂಡು ಹೋಗಿ: ನೋಟ್‌ಬುಕ್ಕಿನ ಆ ಪುಟ, ಹಳೇ ಹೊಸ ನಂಬರ್ ಅಕ್ಕಪಕ್ಕ ಇರುವ ಶೀಟ್, ಬದಲಾಗುವ ಪುಟಗಳ ಪಟ್ಟಿ. "ಸರ್, ತಪ್ಪಾಗಿದೆ" ಅಂತ ಬರೀ ಹೇಳಿದ್ರೆ ಅವರಿಗೆ ಅದು ಒಂದು ಗಂಡಾಂತರ. "ಇಲ್ಲಿ ತಪ್ಪಿದೆ, ಇಷ್ಟು ಬದಲಾಗ್ತದೆ, ಇಷ್ಟು ಬದಲಾಗುದಿಲ್ಲ" ಅಂದ್ರೆ ಅದು ಅರ್ಧ ದಿನದ ತಿದ್ದುಪಡಿ. ಬೈಯಬಹುದು, ಅದು ಬೇರೆ. ಆಗ್ಲೇ ಬೈಂಡ್ ಮಾಡಿ ಆಗಿದ್ರೆ ತಿದ್ದುಪಡಿ ಹಾಳೆ ಸೇರಿಸಿದ್ರೆ ಸಾಕಾ, ಪುಟ ಬದಲಾಯಿಸ್ಬೇಕಾ ಅಂತ ಅವರೇ ಹೇಳ್ಬೇಕು, ನಿಮ್ಮ ವಿಭಾಗದ ಪದ್ಧತಿ ಅವರಿಗೆ ಗೊತ್ತಿರ್ತದೆ. ಸಾರಾಂಶ ತಪ್ಪಾಗಿ ಉಳಿಯುದು ಮಾತ್ರ ನನಗೆ ಸರಿ ಕಾಣುದಿಲ್ಲ, ಹೆಚ್ಚಿನವರು ಓದುದು ಅದೊಂದನ್ನೇ.

ಆ ಹುಡುಗಿಯ ತಪ್ಪಿನಿಂದ ಒಬ್ಬ ಅಜ್ಜ ಸುಮ್ಮನೆ ನೀರು ಹೊತ್ರು. ನಿಮ್ಮ ತಪ್ಪು ತಿರುಗಾ ಮುರುಗಾ, ಒಳ್ಳೇದಲ್ಲದ ನೀರನ್ನು ಸೇಫ್ ಅಂತ ಹೇಳಿ ಬಂದಿರ್ಬಹುದು. ಫಿಲ್ಟರ್ ಹಾಕಿದಾಗ 10.16ರ ಮೇಲೆ ಬಂದ ಬಾವಿಗಳ ಹೆಸರು ಒಂದು ಚೀಟಿಯಲ್ಲಿ ಬರ್ಕೊಳ್ಳಿ, ಸಬ್‌ಮಿಷನ್ ಆಗುವವರೆಗೆ ಕಾಯ್ಬೇಡಿ, ಫೋನ್ ನಂಬರ್ ಇದ್ರೆ ಇವತ್ತೇ ಮಾಡಿ, ಇಲ್ಲದಿದ್ರೆ ಹೋಗಿ. ಆರು ತಿಂಗಳೊಳಗಿನ ಕೂಸು ಇರುವ ಮನೆ, ಬಸುರಿ ಇರುವ ಮನೆ ಮೊದಲು. ಕೂಸಿನ ಹಾಲಿನ ಪುಡಿ ಕಲಸ್ಲಿಕ್ಕೆ ಆ ನೀರು ಬೇಡ, ಬೇರೆ ಒಳ್ಳೇ ಬಾವಿಯದ್ದು ತನ್ನಿ ಅಂತ ಹೇಳಿ. ಕೂಸಿನ ತುಟಿ, ಉಗುರು ನೀಲಿ ಕಂಡ್ರೆ ಕೂಡ್ಲೇ ಆಸ್ಪತ್ರೆಗೆ ಅಂತಲೂ ಹೇಳಿ. ನಮ್ಮಲ್ಲಿ ಎಲ್ಲರೂ ಜೀರಿಗೆ ಹಾಕಿ ಕುದಿಸಿ ಕುಡಿಯುವವರು, "ನಾವು ಕುದಿಸಿಯೇ ಕುಡಿಯುದು, ಎಂತ ಆಗುದಿಲ್ಲ" ಅಂತ ಖಂಡಿತ ಹೇಳ್ತಾರೆ. ನೈಟ್ರೇಟ್ ಕುದಿಸಿದ್ರೆ ಹೋಗುದಿಲ್ಲ ಅಂತ ಆಗ ಬಿಡಿಸಿ ಹೇಳಿ, ನೀರು ಆವಿಯಾದಷ್ಟು ಅದು ಗಟ್ಟಿಯಾಗ್ತದೆ. ವಾಪಸ್ ಬರುವಾಗ ಆ ಬಾವಿಗಳಿಂದ ಒಂದೊಂದು ಬಾಟಲಿ ನೀರು ಪುನಃ ತನ್ನಿ.